ಟೊಮೆಟೊ ಬೆಳೆದವನಿಗಿಲ್ಲದ ಬಲ, ಗುಳಿಗೆ ಮಾರುವವನಿಗೆ ಎಲ್ಲಿಂದ ಬಂತು?

ಪ್ರಶ್ನೆ: ಮೇಷ್ಟ್ರೇ, ಅರ್ಥಶಾಸ್ತ್ರದ ಪಠ್ಯದಲ್ಲಿ ಒಂದು ಮಾತು ಬರುತ್ತದೆ. ಪೂರ್ಣ ಪೈಪೋಟಿಯ ಮಾರುಕಟ್ಟೆಯಲ್ಲಿ ಮಾರುವವನು ಬೆಲೆಯನ್ನು ಒಂದು ಪೈಸೆಯಷ್ಟೂ ಏರಿಸಲಾರ, ಏಕಸ್ವಾಮ್ಯ ಇರುವವನು ಏರಿಸಬಲ್ಲ ಎಂದು. ಪರೀಕ್ಷೆಗೆ ಬರೆಯಲು ಇಷ್ಟು ಸಾಕು. ಆದರೆ ನನಗೆ ಒಳಗಿನಿಂದ ಒಪ್ಪಿಗೆಯಾಗುವುದಿಲ್ಲ. ಏರಿಸುವುದು ಕಷ್ಟ ಎಂದರೆ ಒಪ್ಪಬಹುದು. ಆಗುವುದೇ ಇಲ್ಲ ಎಂದು ಅಷ್ಟು ಖಡಾಖಂಡಿತವಾಗಿ ಹೇಳುವುದು ಯಾಕೆ? ತನ್ನ ಮಾಲಿಗೆ ತಾನು ಬೆಲೆ ಹೇಳಲು ಯಾರ ಅಪ್ಪಣೆ ಬೇಕು?

ಉತ್ತರ: ಯಾರ ಅಪ್ಪಣೆಯೂ ಬೇಡಮ್ಮ. ಬೆಲೆ ಹೇಳುವುದನ್ನು ಯಾರೂ ತಡೆಯುವುದಿಲ್ಲ, ಆ ಬೆಲೆಗೆ ಮಾಲು ಹೋಗುವುದಿಲ್ಲ ಅಷ್ಟೆ. ಕೋಲಾರದ ಎಪಿಎಂಸಿಯನ್ನೇ ತಗೊ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. ಹದಿನೈದು ಕಿಲೋ ಹಿಡಿಯುವ ಪ್ಲಾಸ್ಟಿಕ್ ಬಾಕ್ಸುಗಳಲ್ಲಿ ಹಣ್ಣು ಬರುತ್ತದೆ, ಮಂಡಿಗಳ ಮುಂದೆ ಸಾಲುಸಾಲಾಗಿ ಜೋಡಿಸುತ್ತಾರೆ, ಹರಾಜು ಕೂಗುತ್ತಾರೆ. ಹೊರ ರಾಜ್ಯಕ್ಕೆ ಲಾರಿ ತುಂಬಿಸುವ ವ್ಯಾಪಾರಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಡೆಯುತ್ತ ಬಣ್ಣ, ಗಾತ್ರ, ಗಟ್ಟಿತನ ನೋಡುತ್ತಾನೆ. ಒಂದೇ ದರ್ಜೆಯ ಹಣ್ಣಿಗೆ ಅಂದು ಮುನ್ನೂರು ರೂಪಾಯಿ ನಡೆಯುತ್ತಿದೆ ಎಂದಿಟ್ಟುಕೊ. ಒಬ್ಬ ರೈತ ತನ್ನ ಬಾಕ್ಸಿಗೆ ಮುನ್ನೂರ ಹತ್ತು ಬೇಕು ಎಂದು ಪಟ್ಟು ಹಿಡಿದರೆ ವ್ಯಾಪಾರಿ ವಾದಕ್ಕೂ ನಿಲ್ಲುವುದಿಲ್ಲ, ನಾಲ್ಕು ಹೆಜ್ಜೆ ಆಚೆ ಅದೇ ಹಣ್ಣು ಮುನ್ನೂರಕ್ಕಿದೆ. ಅವನಿಗೆ ಈ ರೈತನ ಮಾಲೇ ಆಗಬೇಕೆಂಬ ಯಾವ ಕಾರಣವೂ ಇಲ್ಲ. ಕಷ್ಟ ಎಂಬ ಮಾತು ಇಲ್ಲಿ ಸಾಲದಿರುವುದು ಅದಕ್ಕೇ. ಕಷ್ಟ ಎಂದರೆ ಹತ್ತು ರೂಪಾಯಿ ಏರಿಸಿದರೆ ಹತ್ತು ಗಿರಾಕಿಗಳಲ್ಲಿ ಇಬ್ಬರು ಹೋಗಿ ಎಂಟು ಮಂದಿ ಉಳಿಯುತ್ತಾರೆ ಎಂದಾಗುತ್ತದೆ. ಇಲ್ಲಿ ಒಬ್ಬರೂ ಉಳಿಯುವುದಿಲ್ಲ.

ಪ್ರಶ್ನೆ: ಬಾಯಲ್ಲಿ ಹೇಳಿ ಏರಿಸಲಾಗದು, ಸರಿ. ಆದರೆ ಬೆಲೆ ಏರಿಸಲು ಇನ್ನೊಂದು ದಾರಿಯೂ ಇದೆಯಲ್ಲ. ಮಾಲನ್ನು ತಡೆಹಿಡಿಯುವುದು. ಮಾರುಕಟ್ಟೆಗೆ ಕಡಿಮೆ ಬಂದರೆ ಬೆಲೆ ತಾನಾಗಿ ಏರುತ್ತದೆ. ಅದನ್ನು ರೈತ ಯಾಕೆ ಮಾಡಬಾರದು?

ಉತ್ತರ: ಇದು ಸರಿಯಾದ ಪ್ರಶ್ನೆ, ಇಡೀ ವಿಷಯದ ಬುಡ ಇಲ್ಲೇ ಇದೆ. ಏಕಸ್ವಾಮಿ ಬೆಲೆ ಏರಿಸುವುದೂ ಕೊನೆಗೆ ಇದೇ ದಾರಿಯಲ್ಲಿ. ಹಾಗಾಗಿ ಇಬ್ಬರಿಗೂ ಒಂದೇ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಒಂದು ದಿನ ಮಾರುಕಟ್ಟೆಗೆ ಒಂದು ಲಕ್ಷ ಬಾಕ್ಸ್ ಬರುತ್ತದೆ, ಅಷ್ಟೂ ಮಾಲು ಹೋಗುವ ಬೆಲೆ 300 ರೂಪಾಯಿ. ಒಟ್ಟು ಮಾಲು ನೂರಕ್ಕೆ ಹತ್ತು ಪಾಲು ಕಡಿಮೆಯಾದರೆ ಬೆಲೆ ಇಪ್ಪತ್ತು ಪಾಲು, ಅಂದರೆ 60 ರೂಪಾಯಿ ಏರುತ್ತದೆ ಎಂದಿಟ್ಟುಕೊಳ್ಳೋಣ. ಸಾರಿಗೆ, ಗೊಜ್ಜಿಗೆ ಟೊಮೆಟೊ ಬೇಕೇ ಬೇಕು ಎನ್ನುವ ಮನೆಗಳು ಬೆಲೆ ಏರಿದರೂ ಕೊಳ್ಳುವುದನ್ನು ಅಷ್ಟಾಗಿ ಬಿಡುವುದಿಲ್ಲ, ಆದ್ದರಿಂದ ಮಾಲು ಸ್ವಲ್ಪ ಕಡಿಮೆಯಾದರೂ ಬೆಲೆ ಜೋರಾಗಿ ಏಳುತ್ತದೆ. ಈಗ ನೂರು ಬಾಕ್ಸ್ ತಂದ ಒಬ್ಬ ರೈತ ತನ್ನ ಮಾಲಿನಲ್ಲಿ ಹತ್ತನೇ ಒಂದು ಪಾಲು, ಹತ್ತು ಬಾಕ್ಸ್, ತಡೆಹಿಡಿಯುತ್ತಾನೆ. ಒಟ್ಟು ಮಾಲಿನಲ್ಲಿ ಅದು ಹತ್ತು ಸಾವಿರದಲ್ಲಿ ಒಂದು ಪಾಲು. ಬೆಲೆ ಏರುವುದು ಆರು ಪೈಸೆ. ತೊಂಬತ್ತು ಬಾಕ್ಸನ್ನು 300 ರೂಪಾಯಿ ಆರು ಪೈಸೆಯಂತೆ ಮಾರಿ ಅವನು ಮನೆಗೆ ಒಯ್ಯುವುದು 27,005 ರೂಪಾಯಿ ಚಿಲ್ಲರೆ. ಸುಮ್ಮನೆ ಎಲ್ಲ ಮಾರಿದ್ದರೆ 30,000 ಬರುತ್ತಿತ್ತು. ಅವನು ಸುಮಾರು ಮೂರು ಸಾವಿರ ಕಳೆದುಕೊಂಡ. ಅವನ ತ್ಯಾಗದಿಂದ ಲಾಭವಾದದ್ದು ಯಾರಿಗೆ? ಉಳಿದ 99,900 ಬಾಕ್ಸುಗಳ ಒಡೆಯರಿಗೆ, ಬಾಕ್ಸಿಗೆ ಆರು ಪೈಸೆಯಂತೆ, ಒಟ್ಟು ಹತ್ತಿರಹತ್ತಿರ ಆರು ಸಾವಿರ ರೂಪಾಯಿ. ಅವನು ಇಡೀ ಬೆಳೆಯನ್ನೇ ಮನೆಯಲ್ಲಿಟ್ಟುಕೊಂಡರೂ ಬೆಲೆ ಏರುವುದು ಅರವತ್ತು ಪೈಸೆ, ಆಗ ಅವನ ಕೈಯಲ್ಲಿ ಮಾರಲು ಒಂದು ಹಣ್ಣೂ ಇರುವುದಿಲ್ಲ.

ಇದೇ ಒಂದು ಲಕ್ಷ ಬಾಕ್ಸ್ ಒಬ್ಬನದೇ ಎಂದುಕೊ. ಅವನೂ ಹತ್ತನೇ ಒಂದು ಪಾಲು ತಡೆಹಿಡಿಯುತ್ತಾನೆ. ತೊಂಬತ್ತು ಸಾವಿರ ಬಾಕ್ಸ್, ಬೆಲೆ 360. ಕೈಗೆ ಬರುವುದು ಮೂರು ಕೋಟಿ ಇಪ್ಪತ್ನಾಲ್ಕು ಲಕ್ಷ. ಎಲ್ಲ ಮಾರಿದ್ದರೆ ಮೂರು ಕೋಟಿ ಮಾತ್ರ. ಹಣ್ಣು ಅದೇ, ಕೊಳ್ಳುವವರು ಅವರೇ, ತಡೆಹಿಡಿದ ಪಾಲೂ ಅಷ್ಟೇ. ಒಬ್ಬನಿಗೆ ಮೂರು ಸಾವಿರ ನಷ್ಟ, ಇನ್ನೊಬ್ಬನಿಗೆ ಇಪ್ಪತ್ನಾಲ್ಕು ಲಕ್ಷ ಲಾಭ. ಮಾಲು ತಡೆಹಿಡಿದರೆ ಬೆಲೆ ಏರುವುದು ಇಬ್ಬರಿಗೂ ಸತ್ಯ. ಆದರೆ ಏರಿದ ಬೆಲೆ ಯಾರ ಮಾಲಿಗೆ ಸಿಗುತ್ತದೆ ಎಂಬುದು ಬೇರೆ. ರೈತ ಏರಿಸಿದ ಆರು ಪೈಸೆಯಲ್ಲಿ ಸಾವಿರಕ್ಕೆ ಒಂದು ಪಾಲೂ ಅವನದಲ್ಲ. ಒಬ್ಬನೇ ಒಡೆಯನಾದರೆ ಏರಿದ ಅರವತ್ತು ರೂಪಾಯಿ ಪೂರ್ತಿ ಅವನದೇ.

ಪ್ರಶ್ನೆ: ಹಾಗಾದರೆ ಆ ಒಬ್ಬ ಒಡೆಯ ಬೇಕಾದಷ್ಟು ಏರಿಸುತ್ತ ಹೋಗಬಹುದಲ್ಲ? ಸಾವಿರ, ಎರಡು ಸಾವಿರ?

ಉತ್ತರ: ಇಲ್ಲ, ಅವನಿಗೂ ಒಂದು ಮೇರೆ ಇದೆ. ಅದೇ ಲೆಕ್ಕವನ್ನು ಮುಂದುವರಿಸು. ಇಪ್ಪತ್ತು ಪಾಲು ತಡೆದರೆ ಎಂಬತ್ತು ಸಾವಿರ ಬಾಕ್ಸ್ 420 ರೂಪಾಯಿಯಂತೆ, ಮೂರು ಕೋಟಿ ಮೂವತ್ತಾರು ಲಕ್ಷ. ಮೂವತ್ತು ಪಾಲು ತಡೆದರೆ ಎಪ್ಪತ್ತು ಸಾವಿರ ಬಾಕ್ಸ್ 480ರಂತೆ, ಮತ್ತೆ ಅಷ್ಟೇ ಮೂರು ಕೋಟಿ ಮೂವತ್ತಾರು. ನಲವತ್ತಕ್ಕೆ ಹೋದರೆ ಮೂರು ಕೋಟಿ ಇಪ್ಪತ್ನಾಲ್ಕಕ್ಕೆ ಇಳಿಯುತ್ತದೆ. ಕಾಲುಭಾಗ ತಡೆದು 450 ರೂಪಾಯಿಗೆ ಮಾರುವುದೇ ಅವನ ವರಮಾನಕ್ಕೆ ತುದಿ, ಮೂರು ಕೋಟಿ ಮೂವತ್ತೇಳೂವರೆ ಲಕ್ಷ. ಅಲ್ಲಿಂದ ಆಚೆ ಒಂದು ರೂಪಾಯಿ ಏರಿಸಿದರೂ ಬೆಲೆಯಲ್ಲಿ ಬಂದದ್ದಕ್ಕಿಂತ ಗಿರಾಕಿಯಲ್ಲಿ ಹೋದದ್ದು ಹೆಚ್ಚು. ಕೊಯ್ಲು, ಸಾಗಣೆಯ ಖರ್ಚು ಉಳಿಯುವುದನ್ನೂ ಸೇರಿಸಿದರೆ ಅವನು ಇನ್ನು ಸ್ವಲ್ಪ ಮೇಲೆ ನಿಲ್ಲುತ್ತಾನೆ, ಆದರೆ ನಿಲ್ಲಲೇಬೇಕು. ಏಕಸ್ವಾಮಿ ಎಂದರೆ ಮನಸ್ಸಿಗೆ ಬಂದ ಬೆಲೆ ಹಾಕುವವನು ಎಂಬ ಮಾತು ಚಾಲ್ತಿಯಲ್ಲಿದೆ, ಅದು ತಪ್ಪು. ಬೆಲೆ ಅವನು ಆರಿಸಬಹುದು. ಆ ಬೆಲೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಕೊಳ್ಳುವವರು ಆರಿಸುತ್ತಾರೆ. ಏರಿಸಿದಾಗ ಅವನೂ ಗಿರಾಕಿ ಕಳೆದುಕೊಳ್ಳುತ್ತಾನೆ. ಆದರೆ ಹೋದವರು ಪಕ್ಕದ ಅಂಗಡಿಗೆ ಹೋಗುವುದಿಲ್ಲ, ಆ ವಸ್ತುವನ್ನೇ ಬಿಟ್ಟು ಹೋಗುತ್ತಾರೆ. ವಸ್ತುವನ್ನೇ ಬಿಡುವವರು ಯಾವಾಗಲೂ ಅಂಗಡಿ ಬದಲಿಸುವವರಿಗಿಂತ ಕಡಿಮೆ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಬೆಲೆ ಬಿದ್ದಾಗ ರೈತರು ಟೊಮೆಟೊವನ್ನು ರಸ್ತೆಗೆ ಸುರಿಯುವ ಚಿತ್ರ ಪತ್ರಿಕೆಯಲ್ಲಿ ಬರುತ್ತದಲ್ಲ, ಅದನ್ನು ನೋಡಿ ಬೆಲೆ ಏರಿಸಲು ಹೀಗೆ ಮಾಡುತ್ತಾರೆ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಬಂದ ಬೆಲೆ ಕೊಯ್ಲಿನ ಕೂಲಿಗೂ ಬಾಡಿಗೆಗೂ ಸಾಲದೆ, ಇನ್ನು ಕೊಯ್ದರೆ ಕೈಯಿಂದಲೇ ಹೋಗುತ್ತದೆ ಎಂದಾದಾಗ ಸುರಿಯುತ್ತಾರೆ, ಇಲ್ಲವೇ ತೋಟದಲ್ಲೇ ಬಿಡುತ್ತಾರೆ. ಏಕಸ್ವಾಮಿ ಮಾಲು ತಡೆಯುವುದು ಬೆಲೆ ಚೆನ್ನಾಗಿರುವಾಗಲೇ, ಇನ್ನೂ ಚೆನ್ನಾಗಿಸಲು.

ಪ್ರಶ್ನೆ: ಆದರೆ 2023ರ ಜುಲೈ ನೆನಪಿದೆ. ಕೋಲಾರದಲ್ಲಿ ಬಾಕ್ಸ್ ಎರಡು ಸಾವಿರ ದಾಟಿತ್ತು. ರೈತರು ಬೆಲೆ ಏರಿಸಿದರು ಎಂದೇ ಎಲ್ಲರೂ ಮಾತಾಡಿದರು. ನಿಮ್ಮ ಮಾತು ಅಲ್ಲಿ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆ, ಮತ್ತು ಆ ಮಾತು ಎಷ್ಟು ಅನ್ಯಾಯದ್ದು ಎಂಬುದೂ ಅಲ್ಲೇ ಕಾಣುತ್ತದೆ. ಆ ವರ್ಷ ಬೇಸಿಗೆಯಲ್ಲಿ ಬೆಲೆ ನೆಲ ಕಚ್ಚಿದ್ದರಿಂದ ಅನೇಕರು ಮುಂದಿನ ನಾಟಿಯನ್ನೇ ಕೈಬಿಟ್ಟಿದ್ದರು. ಹಾಕಿದವರ ತೋಟಕ್ಕೂ ಬಿಸಿಲು, ಎಲೆ ಮುರುಟು ರೋಗ, ಹೊತ್ತಲ್ಲದ ಹೊತ್ತಿನ ಮಳೆ ಬಡಿದವು. ಹೀಗೆ ಎಲ್ಲರ ಮಾಲೂ ಒಟ್ಟಿಗೆ ಕಡಿಮೆಯಾಯಿತು. ನಮ್ಮ ಲೆಕ್ಕದ ಒಬ್ಬ ಒಡೆಯ ಬೇಕೆಂದು ಮಾಡುವ ಕೆಲಸವನ್ನು ಆ ವರ್ಷ ಹವಾಮಾನ ಮಾಡಿತು. ಏರಿದ್ದು ಮಾರುಕಟ್ಟೆಯ ಬೆಲೆ, ಯಾವ ಒಬ್ಬ ರೈತನೂ ಅದನ್ನು ಏರಿಸಲಿಲ್ಲ. ಪರೀಕ್ಷೆ ಮಾಡಿ ನೋಡುವುದು ಸುಲಭ. ಬಾಕ್ಸಿಗೆ ಎರಡು ಸಾವಿರ ನಡೆಯುತ್ತಿದ್ದ ದಿನ ಒಬ್ಬ ರೈತ ಎರಡು ಸಾವಿರದ ನೂರು ಕೇಳಿದ್ದರೆ ಕೊಡುತ್ತಿದ್ದರೇ? ಮುನ್ನೂರರ ದಿನ ಆದದ್ದೇ ಅಂದೂ ಆಗುತ್ತಿತ್ತು. ಬೆಲೆ ಎತ್ತರದಲ್ಲಿದೆ ಎಂದ ಮಾತ್ರಕ್ಕೆ ಅದು ಮಾರುವವನ ಕೈಯಲ್ಲಿದೆ ಎಂದಾಗುವುದಿಲ್ಲ. ಆಗಸ್ಟ್‌ನಲ್ಲಿ ನೇಪಾಳದಿಂದ ಟೊಮೆಟೊ ತರಲು ಸರಕಾರ ದಾರಿ ಮಾಡಿತು, ಹೊಸ ಬೆಳೆಯೂ ಕೊಯ್ಲಿಗೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮತ್ತೆ ಕುಸಿಯಿತು. ಬೆಲೆಯನ್ನು ಏರಿಸುವ ಬಲ ರೈತರ ಕೈಯಲ್ಲಿದ್ದಿದ್ದರೆ ಅದು ಕುಸಿಯಲು ಅವರು ಬಿಡುತ್ತಿದ್ದರೇ?

ಪ್ರಶ್ನೆ: ಒಬ್ಬರಿಂದ ಆಗದು, ಒಪ್ಪಿದೆ. ಎಲ್ಲರೂ ಸೇರಿದರೆ? ಪ್ರತಿಯೊಬ್ಬರೂ ಹತ್ತು ಹತ್ತು ಬಾಕ್ಸ್ ಮನೆಯಲ್ಲಿಟ್ಟರೆ ಒಬ್ಬನೇ ಒಡೆಯ ಮಾಡಿದ್ದನ್ನೇ ಇವರೂ ಮಾಡಿದಂತಾಗುತ್ತದೆ.

ಉತ್ತರ: ಆಗುತ್ತದೆ, ಒಂದು ಬೆಳಗಿನ ಮಟ್ಟಿಗೆ. ಎಲ್ಲರೂ ತೊಂಬತ್ತೇ ತಂದರೆ ಬೆಲೆ 360, ತಲಾ 32,400 ರೂಪಾಯಿ. ಮುಂಚಿನ ಮೂವತ್ತು ಸಾವಿರಕ್ಕಿಂತ ಎಲ್ಲರಿಗೂ ಮೇಲು. ಆದರೆ ಒಬ್ಬನ ಕಣ್ಣಿಂದ ನೋಡು. ಉಳಿದವರು ತೊಂಬತ್ತೇ ತರುತ್ತಾರೆ ಎಂದಾದರೆ ತಾನು ನೂರೂ ತಂದರೆ ಸುಮಾರು 36,000 ಸಿಗುತ್ತದೆ. ಉಳಿದವರು ಮಾತು ಮುರಿದು ನೂರು ತರುತ್ತಾರೆ ಎಂದಾದರೂ ತಾನು ನೂರು ತರುವುದೇ ಲೇಸು, ತೊಂಬತ್ತು ತಂದರೆ ಇಪ್ಪತ್ತೇಳು ಸಾವಿರಕ್ಕೆ ಇಳಿಯುತ್ತಾನೆ. ಬೇರೆಯವರು ಏನು ಮಾಡಿದರೂ ಇವನಿಗೆ ಪೂರ್ತಿ ತರುವುದೇ ಒಳ್ಳೆಯದು. ಇದನ್ನು ದುರಾಸೆ ಎನ್ನಲು ನನಗೆ ಮನಸ್ಸಿಲ್ಲ. ಬ್ಯಾಂಕಿನ ಕಂತು ಕಟ್ಟಬೇಕಾದವನು, ನಾಳೆಗೆ ಕೊಳೆಯುವ ಹಣ್ಣನ್ನು ಕೈಯಲ್ಲಿ ಹಿಡಿದವನು ಮತ್ತೇನು ಮಾಡಿಯಾನು? ಸಾವಿರ ಮಂದಿಯಲ್ಲಿ ಯಾರು ಹೆಚ್ಚು ತಂದರು ಎಂದು ಕಾಯುವವರೂ ಇಲ್ಲ, ದಂಡ ಹಾಕುವವರೂ ಇಲ್ಲ.

ಕಾಯುವವರಿದ್ದಾಗಲೂ ಏನಾಯಿತು ಎಂಬುದಕ್ಕೆ ಕಾಫಿಯ ಚರಿತ್ರೆಯಿದೆ. ಕೊಡಗು, ಚಿಕ್ಕಮಗಳೂರಿನ ಹಿರಿಯ ಬೆಳೆಗಾರರಿಗೆ ಅದು ಚೆನ್ನಾಗಿ ಗೊತ್ತು. 1962ರಿಂದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೆಳಗೆ ಬೆಳೆಯುವ ದೇಶಗಳು ಇಷ್ಟಿಷ್ಟೇ ರಫ್ತು ಎಂದು ಕೋಟಾ ಹಾಕಿಕೊಂಡಿದ್ದವು. ಕಾಫಿ ಕೊಳ್ಳುವ ದೊಡ್ಡ ದೇಶಗಳೂ ಒಪ್ಪಂದದಲ್ಲಿದ್ದು ಅದನ್ನು ಜಾರಿ ಮಾಡಲು ನೆರವಾಗುತ್ತಿದ್ದವು. ಅಷ್ಟಿದ್ದೂ ಯಾರ ಕೋಟಾ ಎಷ್ಟು ಎಂಬ ಜಗಳ ತೀರಲಿಲ್ಲ, ಒಪ್ಪಂದದ ಹೊರಗಿನ ದೇಶಗಳಿಗೆ ಕಡಿಮೆ ಬೆಲೆಯಲ್ಲಿ ಮಾರುವ ಹಾದಿಯೂ ತೆರೆದೇ ಇತ್ತು. 1989ರ ಜುಲೈನಲ್ಲಿ ಕೋಟಾ ನಿಂತುಹೋಯಿತು, ಕೆಲವೇ ತಿಂಗಳಲ್ಲಿ ಜಾಗತಿಕ ಬೆಲೆ ಪಾತಾಳಕ್ಕಿಳಿಯಿತು. ಕೆಲವೇ ಡಜನ್ ಸರಕಾರಗಳಿಗೇ ಹಿಡಿದಿಡಲಾಗದ್ದನ್ನು ಸಾವಿರಾರು ರೈತರು ಬಾಯಿಮಾತಿನಲ್ಲಿ ಹಿಡಿದಿಡುವುದು ಆಗದು.

ಪ್ರಶ್ನೆ: ನಮ್ಮ ಬೀದಿಯ ಅಂಗಡಿಯಲ್ಲಿ ಅದೇ ಟೊಮೆಟೊ ಮಾರುಕಟ್ಟೆಗಿಂತ ಐದು ರೂಪಾಯಿ ಹೆಚ್ಚು. ಆದರೂ ಜನ ಕೊಳ್ಳುತ್ತಾರೆ. ಅಂಗಡಿಯವನಿಗೆ ಪೈಪೋಟಿ ಇಲ್ಲವೇ?

ಉತ್ತರ: ಇದೆ, ಆದರೆ ಪೂರ್ತಿ ಇಲ್ಲ. ಅವನು ಟೊಮೆಟೊ ಜೊತೆಗೆ ಮನೆಯ ಹತ್ತಿರ ಎಂಬುದನ್ನೂ ಮಾರುತ್ತಾನೆ, ಸಾಲದ ಲೆಕ್ಕವನ್ನೂ ಬರೆದುಕೊಳ್ಳುತ್ತಾನೆ. ಆ ಐದು ರೂಪಾಯಿ ಅದರ ಬೆಲೆ. ಹದಿನೈದು ಹೆಚ್ಚು ಹಾಕಲಿ, ಅವನ ಗಿರಾಕಿಗಳೂ ಚೀಲ ಹಿಡಿದು ಮುಂದಿನ ಬೀದಿಗೆ ಹೋಗುತ್ತಾರೆ. ಪಠ್ಯದ 'ಒಂದು ಪೈಸೆಯೂ ಇಲ್ಲ' ಎಂಬ ಮಾತು ಕಟ್ಟುನಿಟ್ಟಾಗಿ ಸಲ್ಲುವುದು ಒಂದೇ ದರ್ಜೆಯ ಮಾಲು, ತುಂಬ ಮಂದಿ ಮಾರುವವರು, ಬೆಲೆ ಎಲ್ಲರಿಗೂ ಕೇಳಿಸುವ ಹರಾಜು, ಇವೆಲ್ಲ ಇರುವ ಕಡೆ. ಉಳಿದ ವ್ಯಾಪಾರಗಳು ಆ ತುದಿಗೂ ಏಕಸ್ವಾಮ್ಯದ ತುದಿಗೂ ನಡುವೆ ಎಲ್ಲೋ ಇರುತ್ತವೆ.

ಪ್ರಶ್ನೆ: ಏಕಸ್ವಾಮ್ಯದ ತುದಿಯನ್ನು ಇಷ್ಟು ಹೊತ್ತು ಕಲ್ಪಿತ ಲೆಕ್ಕದಲ್ಲೇ ತೋರಿಸಿದಿರಿ. ನಡೆದ ಉದಾಹರಣೆ ಬೇಕು.

ಉತ್ತರ: ನೆಕ್ಸವಾರ್ ಎಂಬ ಗುಳಿಗೆಯ ಕಥೆ ಹೇಳುತ್ತೇನೆ. ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ದೇಶದಲ್ಲಿ ನನಗೆ ಗೊತ್ತಿಲ್ಲ. ಅದರೊಳಗಿನ ಔಷಧಿಯ ಹೆಸರು ಸೊರಾಫೆನಿಬ್. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್ ಮುಂದುವರಿದ ಹಂತದಲ್ಲಿ ಕೊಡುವಂಥದ್ದು, ಆಯುಸ್ಸನ್ನು ಕೆಲವು ತಿಂಗಳು ಹೆಚ್ಚಿಸಬಲ್ಲದು. ಜರ್ಮನಿಯ ಬೇಯರ್ ಕಂಪನಿಗೆ 2008ರಲ್ಲಿ ಭಾರತದಲ್ಲಿ ಇದರ ಪೇಟೆಂಟ್ ಸಿಕ್ಕಿತು. ಒಂದು ತಿಂಗಳಿಗೆ ಬೇಕಾಗುವ 120 ಗುಳಿಗೆಗೆ ಕಂಪನಿ ಇಟ್ಟ ಬೆಲೆ 2,80,428 ರೂಪಾಯಿ. ಹೈದರಾಬಾದಿನ ನ್ಯಾಟ್ಕೋ ಕಂಪನಿ ಪೇಟೆಂಟ್ ಕಾಯ್ದೆಯ 84ನೇ ಕಲಮಿನ ಕೆಳಗೆ, ಪೇಟೆಂಟ್ ಒಡೆಯನ ಒಪ್ಪಿಗೆಯಿಲ್ಲದೆಯೂ ತಯಾರಿಸಿ ಮಾರಲು ಬಿಡುವ ಕಡ್ಡಾಯ ಪರವಾನಗಿ ಕೇಳಿತು. ತಾನು ಇದನ್ನೇ ಸುಮಾರು 8,800 ರೂಪಾಯಿಗೆ ಕೊಡಬಲ್ಲೆ ಎಂದಿತು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ, ಔಷಧಿ ಬೇಕಾಗಿದ್ದ ರೋಗಿಗಳಲ್ಲಿ ಅದು ತಲುಪುತ್ತಿದ್ದದ್ದು ಸುಮಾರು ನೂರಕ್ಕೆ ಇಬ್ಬರಿಗೆ. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕರು ಪರವಾನಗಿ ಕೊಟ್ಟರು. ಬೇಯರ್‌ಗೆ ಮಾರಾಟದ ನೂರಕ್ಕೆ ಆರು ಪಾಲು ರಾಯಧನ ಸಲ್ಲಬೇಕು ಎಂದರು. ಮೇಲ್ಮನವಿ ಮಂಡಳಿ ಮರುವರ್ಷ ಆದೇಶವನ್ನು ಎತ್ತಿಹಿಡಿದು ರಾಯಧನವನ್ನು ಏಳಕ್ಕೆ ಏರಿಸಿತು.

ಪ್ರಶ್ನೆ: ನೂರರಲ್ಲಿ ತೊಂಬತ್ತೆಂಟು ಗಿರಾಕಿಗಳನ್ನು ಬಿಟ್ಟು ಯಾವ ವ್ಯಾಪಾರಿ ಮಾರುತ್ತಾನೆ? ಇದು ಲೆಕ್ಕಕ್ಕೆ ಬರುವ ಮಾತಲ್ಲ. ಬೆಲೆ ಇಳಿಸಿದ್ದರೆ ಅವರಿಗೇ ಹೆಚ್ಚು ಲಾಭ ಬರುತ್ತಿರಲಿಲ್ಲವೇ?

ಉತ್ತರ: ಹಾಗೆ ಅನಿಸುವುದು ಸಹಜ, ಆದರೆ ಕಾಗದದ ಮೇಲೆ ಬರೆದು ನೋಡು. ನೂರು ರೋಗಿಗಳಿದ್ದಾರೆ. ಇಬ್ಬರಿಗೆ 2,80,000ದಂತೆ ಮಾರಿದರೆ ತಿಂಗಳಿಗೆ 5,60,000 ರೂಪಾಯಿ. ಅದೇ ಹಣ 8,800ರ ಬೆಲೆಯಲ್ಲಿ ಬರಬೇಕಾದರೆ 64 ರೋಗಿಗಳು ಕೊಳ್ಳಬೇಕು. ಗುಳಿಗೆ ಮಾಡಿ ತಲುಪಿಸುವ ಖರ್ಚು ತಿಂಗಳ ಪೊಟ್ಟಣಕ್ಕೆ ಮೂರು ಸಾವಿರ ಎಂದು ಸುಮ್ಮನೆ ಊಹಿಸಿಕೊಂಡರೆ ದುಬಾರಿ ಬೆಲೆಯಲ್ಲಿ ಉಳಿಯುವುದು 5,54,000, ಅಗ್ಗದ ಬೆಲೆಯಲ್ಲಿ ಒಂದು ಪೊಟ್ಟಣಕ್ಕೆ ಉಳಿಯುವುದು 5,800. ಸರಿಸಮ ಆಗಬೇಕಾದರೆ 96 ಮಂದಿ ಕೊಳ್ಳಬೇಕು. ತಿಂಗಳಿಗೆ 8,800 ರೂಪಾಯಿಯನ್ನೂ ಹೊಂದಿಸಲಾಗದ ಮನೆಗಳು ಈ ದೇಶದಲ್ಲಿ ನೂರರಲ್ಲಿ ನಾಲ್ಕಕ್ಕಿಂತ ಎಷ್ಟೋ ಹೆಚ್ಚು. ಅಂದಮೇಲೆ 96 ಮಂದಿ ಬರುವುದಿಲ್ಲ, ಇಬ್ಬರಿಗೆ ಮಾರುವುದೇ ಕಂಪನಿಗೆ ಲಾಭ. ಜೊತೆಗೆ ಇಲ್ಲಿ ಬೆಲೆ ಇಳಿಸಿದರೆ ಬೇರೆ ದೇಶಗಳವರು ನಮಗೂ ಇಳಿಸಿ ಎಂದು ಕೇಳುವ ಭಯವೂ ಇಂಥ ಕಂಪನಿಗಳಿಗಿರುತ್ತದೆ. ಎರಡು ಲಕ್ಷದ ಎಂಬತ್ತು ಸಾವಿರಕ್ಕೂ ಎಂಟು ಸಾವಿರದ ಎಂಟುನೂರಕ್ಕೂ ನಡುವಿನ ಬೆಲೆಯೊಂದು ಇದಕ್ಕಿಂತ ಲಾಭ ತರುತ್ತಿತ್ತೇ ಎಂದು ಕೇಳಬಹುದು, ತರುತ್ತಿದ್ದಿರಲೂಬಹುದು. ಆದರೆ ತೊಂಬತ್ತೆಂಟು ಮಂದಿಯನ್ನು ಹೊರಗಿಡುವುದು ಹುಚ್ಚುತನ ಅಲ್ಲ, ಲೆಕ್ಕ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ನನಗೆ ಈ ಪ್ರಕರಣದಲ್ಲಿ ಸಂಕಟವಾಗುವುದು ಇದಕ್ಕೇ. ಯಾರೋ ಕ್ರೂರಿ ಕುಳಿತು ಹೀಗೆ ಮಾಡಿದ ಎಂದಾಗಿದ್ದರೆ ಅವನನ್ನು ಬದಲಿಸಿದರೆ ಸಾಕಿತ್ತು. ಆ ಕುರ್ಚಿಯಲ್ಲಿ ಸಾಧು ಮನುಷ್ಯ ಕೂತರೂ ಲಾಭದ ಲೆಕ್ಕ ಅದೇ ಬೆಲೆಯತ್ತ ತಳ್ಳುತ್ತದೆ.

ಪ್ರಶ್ನೆ: ಕಂಪನಿ ಸಂಶೋಧನೆಗೆ ಅಪಾರ ಹಣ ಸುರಿದಿರುತ್ತದೆ. ಆ ಖರ್ಚು ಬರಬೇಕಾದ್ದರಿಂದ ಬೆಲೆ ಹೆಚ್ಚು ಎನ್ನುತ್ತಾರೆ. ಅದರಲ್ಲಿ ಹುರುಳಿಲ್ಲವೇ?

ಉತ್ತರ: ಸಂಶೋಧನೆಗೆ ಖರ್ಚಾಗುತ್ತದೆ ಎಂಬುದು ನಿಜ. ಪೇಟೆಂಟ್ ಯಾಕೆ ಕೊಡಬೇಕು ಎಂಬ ಪ್ರಶ್ನೆಗೆ ಅದು ಉತ್ತರ, ಮತ್ತು ಗೌರವಿಸಬೇಕಾದ ಉತ್ತರ. ಯಾರೂ ಹಣ ಹಾಕದಿದ್ದರೆ ಆ ಗುಳಿಗೆಯೇ ಇರುತ್ತಿರಲಿಲ್ಲ. ಆದರೆ ಬೆಲೆ ಅಷ್ಟು ಎತ್ತರದಲ್ಲಿ ನಿಲ್ಲಲು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಕೋಲಾರದ ರೈತನೂ ಖರ್ಚು ಮಾಡಿರುತ್ತಾನೆ. ಸಾವಿರ ಅಡಿ ದಾಟಿ ಕೊರೆದ ಬೋರ್‌ವೆಲ್‌ನ ಸಾಲ ಅವನ ತಲೆಯ ಮೇಲಿರುತ್ತದೆ. ಪಕ್ಕದವನಿಗೆ ಮುನ್ನೂರು ಅಡಿಗೇ ನೀರು ಸಿಕ್ಕಿದ್ದರೆ ಹರಾಜಿನಲ್ಲಿ ಇವನ ಬಾಕ್ಸಿಗೆ ಹೆಚ್ಚು ಕೂಗುತ್ತಾರೆಯೇ? ಸಾಲದ ಕಾಗದ ತೋರಿಸಿದರೂ ಒಂದು ರೂಪಾಯಿ ಹೆಚ್ಚುವುದಿಲ್ಲ. ಆಗಿಹೋದ ಖರ್ಚು ಬೆಲೆಯನ್ನು ಎತ್ತಿ ನಿಲ್ಲಿಸುವುದಾಗಿದ್ದರೆ ಇಬ್ಬರಿಗೂ ನಿಲ್ಲಿಸಬೇಕಿತ್ತು. ಪೈಪೋಟಿಯಲ್ಲಿ ಖರ್ಚು ಬೆಲೆಗೆ ಸೇರುವುದು ಸುತ್ತು ಹಾದಿಯಲ್ಲಿ. ಎಲ್ಲರ ಖರ್ಚೂ ಏರಿ, ಗಿಟ್ಟದವರು ಟೊಮೆಟೊ ಬಿಟ್ಟು ಬೇರೆ ಬೆಳೆಗೆ ಹೋಗಿ, ಒಟ್ಟು ಮಾಲು ಕಡಿಮೆಯಾದ ಮೇಲೆ ಬೆಲೆ ಏರುತ್ತದೆ. ಅಷ್ಟರಲ್ಲಿ ಕೆಲವರ ಬದುಕು ಮುಳುಗಿರುತ್ತದೆ. ಒಬ್ಬನ ಖರ್ಚು ಮಾತ್ರ ಏರಿದರೆ ಆ ಸುತ್ತು ಹಾದಿಯೂ ಇಲ್ಲ.

ಪ್ರಶ್ನೆ: ಕೊನೆಯದೊಂದು ಅನುಮಾನ. ಟೊಮೆಟೊ ಇಲ್ಲದೆ ಒಂದು ವಾರ ಇರಬಹುದು, ಕ್ಯಾನ್ಸರ್ ಔಷಧಿ ಇಲ್ಲದೆ ಇರಲಾಗದು. ಬೆಲೆಯ ಬಲ ಬಂದದ್ದು ಏಕಸ್ವಾಮ್ಯದಿಂದಲ್ಲ, ಆ ಅನಿವಾರ್ಯದಿಂದ ಎಂದು ಯಾಕೆ ಹೇಳಬಾರದು?

ಉತ್ತರ: ಅದನ್ನು ತೂಗಿ ನೋಡಲು 2012ರ ಮಾರ್ಚಿನ ನಂತರ ನಡೆದದ್ದನ್ನು ನೋಡಬೇಕು. ರೋಗ ಅದೇ, ರೋಗಿಯ ಅನಿವಾರ್ಯ ಅದೇ, ಔಷಧಿಯ ಅಣು ಅದೇ. ಬದಲಾದದ್ದು ಮಾರುವವರ ಸಂಖ್ಯೆ ಮಾತ್ರ. ಬೇಯರ್ ಮೊಕದ್ದಮೆ ಹೂಡಿದ್ದರೂ ಸಿಪ್ಲಾ ಎಂಬ ಇನ್ನೊಂದು ಕಂಪನಿ ಅದೇ ಔಷಧಿಯನ್ನು ಆಗಲೇ ಸುಮಾರು 28,000 ರೂಪಾಯಿಗೆ ಮಾರುತ್ತಿತ್ತು. ಗಮನಿಸು, ನ್ಯಾಯಾಲಯ ಯಾವತ್ತು ಬೇಕಾದರೂ ತಡೆಯಬಹುದಾದ ಒಬ್ಬ ಮಾರಾಟಗಾರ ಎದುರಿಗಿದ್ದರೂ ಬೇಯರ್‌ನ ಬೆಲೆ ಎರಡು ಲಕ್ಷದ ಎಂಬತ್ತು ಸಾವಿರದಲ್ಲೇ ಇತ್ತು. ನ್ಯಾಟ್ಕೋಗೆ ಪರವಾನಗಿ ಸಿಕ್ಕಿ 8,800ರ ಗುಳಿಗೆ ಬರುತ್ತಿದ್ದಂತೆ, ಮೇ ತಿಂಗಳಲ್ಲಿ ಸಿಪ್ಲಾ ತನ್ನ ಬೆಲೆಯನ್ನು 6,840ಕ್ಕೆ ಇಳಿಸಿತು. ಯಾವ ಆದೇಶವೂ ಅದನ್ನು ಹಾಗೆ ಇಳಿಸು ಎಂದಿರಲಿಲ್ಲ. ಕೊಳ್ಳುವವನ ಅನಿವಾರ್ಯವೇ ಬೆಲೆಯನ್ನು ಹಿಡಿದಿಟ್ಟಿದ್ದರೆ 28,000ವೂ ಇಳಿಯಬೇಕಾಗಿರಲಿಲ್ಲ. ಅನಿವಾರ್ಯ ಇರುವ ಕಡೆ ಏಕಸ್ವಾಮಿ ಹೆಚ್ಚು ಎತ್ತರಕ್ಕೆ ಏರಿಸಬಲ್ಲ, ಅದು ನಿಜ. ಆದರೆ ಏರಿಸುವ ಬಲವನ್ನು ಕೊಡುವುದು ಅನಿವಾರ್ಯವಲ್ಲ. ಉಪ್ಪಿಗಿಂತ ಅನಿವಾರ್ಯವಾದದ್ದು ಅಡುಗೆಮನೆಯಲ್ಲಿ ಯಾವುದಿದೆ? ಹಲವರು ಮಾರುವಾಗ ಅದು ಅಗ್ಗವಾಗಿಯೇ ಇರುತ್ತದೆ. ಬ್ರಿಟಿಷ್ ಸರಕಾರ ಅದನ್ನು ತನ್ನೊಬ್ಬನ ಹತೋಟಿಗೆ ತಗೊಂಡು ತೆರಿಗೆ ಹಾಕಿದಾಗ ಏನಾಯಿತೆಂದು 1930ರ ದಂಡಿಯೂ ಅಂಕೋಲೆಯೂ ಹೇಳುತ್ತವೆ.

ಆದ್ದರಿಂದ ಯಾವುದೇ ವಸ್ತುವಿನ ಬೆಲೆ ಏರಿದೆ ಎಂದಾಗ ಮಾರುವವನ ಮನಸ್ಸು ಹೇಗಿದೆ ಎಂದು ಕೇಳುವ ಬದಲು, ಅವನೊಬ್ಬನೇ ಏರಿಸಿದ್ದರೆ ಗಿರಾಕಿ ಎಲ್ಲಿಗೆ ಹೋಗುತ್ತಿದ್ದ ಎಂದು ಕೇಳು. ಎದುರು ಸಾಲಿಗೆ ಎಂಬ ಉತ್ತರ ಬಂದರೆ ಆ ಏರಿಕೆಗೆ ಕಾರಣ ಮಾರುವವನಲ್ಲ, ಒಟ್ಟು ಮಾಲು ಅಥವಾ ಒಟ್ಟು ಬೇಡಿಕೆ. ಎಲ್ಲಿಗೂ ಇಲ್ಲ ಎಂಬ ಉತ್ತರ ಬಂದರೆ ಆ ಬಾಗಿಲನ್ನು ಮುಚ್ಚಿದವರು ಯಾರು, ತೆರೆಯುವ ಅಧಿಕಾರ ಯಾರಿಗಿದೆ ಎಂದು ಹುಡುಕಬೇಕು. ನೆಕ್ಸವಾರ್ ವಿಷಯದಲ್ಲಿ ಬಾಗಿಲು ಮುಚ್ಚಿದ್ದೂ ಕಾನೂನು, ತೆರೆದದ್ದೂ ಅದೇ ಕಾನೂನಿನ ಇನ್ನೊಂದು ಕಲಮು.

ಪ್ರಶ್ನೆ: ಆ ಕಲಮು ಇದ್ದಮೇಲೆ ಉಳಿದ ದುಬಾರಿ ಔಷಧಿಗಳಿಗೂ ಹಾಗೇ ಆಗಿರಬೇಕಲ್ಲ?

ಉತ್ತರ: ಆಗಿಲ್ಲ. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇಯರ್‌ನ ಕೊನೆಯ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ, ನ್ಯಾಟ್ಕೋದ ಪರವಾನಗಿ ಉಳಿಯಿತು. ಆದರೆ ಡಸಾಟಿನಿಬ್ ಎಂಬ ಕ್ಯಾನ್ಸರ್ ಔಷಧಿಗೆ ಬೇರೊಂದು ಕಂಪನಿ ಕೇಳಿದ ಪರವಾನಗಿಯನ್ನು 2013ರಲ್ಲಿ ತಿರಸ್ಕರಿಸಿದರು, ಸಕ್ಕರೆ ಕಾಯಿಲೆಯ ಸ್ಯಾಕ್ಸಾಗ್ಲಿಪ್ಟಿನ್‌ಗೆ ಕೇಳಿದ್ದನ್ನು 2016ರಲ್ಲಿ ತಿರಸ್ಕರಿಸಿದರು. 84ನೇ ಕಲಮಿನ ಕೆಳಗೆ ಭಾರತ ಕೊಟ್ಟ ಪರವಾನಗಿ ನ್ಯಾಟ್ಕೋಗೆ ಸಿಕ್ಕ ಅದೊಂದೇ.